ಕ್ಲೋರಿನ್ ಬೆರೆಸಲಾಗಿದೆ, ಭಯ ಬೇಡ

ಮುಂಗಾರಿನ ಮೊದಲ ಮಳೆಗಳಿಗೆ ನೇತ್ರಾವತಿ ಕೆಂಪಾದ ಕೂಡಲೇ ಕುಡಿಯುವ ನೀರಿನ ಬಗ್ಗೆ ಪ್ರಕಟಣೆಗಳು ಹೊರಡುವುದು ನಮ್ಮ ಕರಾವಳಿಯ ವಾಡಿಕೆ. ನೀರಿಗೆ ಸಾಕಷ್ಟು ಕ್ಲೋರಿನ್ ಬೆರೆಸಲಾಗಿದೆ, ಯಾರೂ ಭಯಪಡಬೇಕಾಗಿಲ್ಲ ಎಂದು ಮೊದಲ ವಾಕ್ಯ ಧೈರ್ಯ ತುಂಬುತ್ತದೆ. ಆದರೂ ಕುದಿಸಿ ಆರಿಸಿ ಕುಡಿಯಿರಿ ಎಂದು ಎರಡನೆಯ ವಾಕ್ಯ ಆ ಧೈರ್ಯವನ್ನು ಹಿಂದಕ್ಕೆ ಪಡೆಯುತ್ತದೆ. ಈ ಬಾರಿ ನಮ್ಮ ವಸತಿ ಸಂಕೀರ್ಣದ ಸಮಿತಿಯವರೂ ಇದೇ ಧಾಟಿಯಲ್ಲಿ ವಾಟ್ಸಾಪ್ ಗುಂಪಿಗೆ ಒಂದು ಸಂದೇಶವನ್ನು ಹಾಕಿ, ಜೊತೆಗೆ ಸಂಪಿನ ಬಾಯಿಯಲ್ಲಿ ನಿಂತು ಬ್ಲೀಚಿಂಗ್ ಪೌಡರ್ ಸುರಿಯುತ್ತಿರುವ ಭಾವಚಿತ್ರವನ್ನೂ ಲಗತ್ತಿಸಿದ್ದರು. ಚಿತ್ರದಲ್ಲಿ ಕಾರ್ಯದರ್ಶಿಗಳ ಮುಖ ಸ್ಪಷ್ಟವಾಗಿತ್ತು. ನೀರು ಸ್ಪಷ್ಟವಾಗಿರಲಿಲ್ಲ.

ಅವರ ಸೇವಾಮನೋಭಾವವನ್ನು ನಾನು ಮನಸಾರೆ ಮೆಚ್ಚುತ್ತೇನೆ, ಏಕೆಂದರೆ ಬೆಳಗಿನ ಆರು ಗಂಟೆಗೆ ಮಳೆಯಲ್ಲಿ ಕೊಡೆ ಹಿಡಿದು ಪೌಡರ್ ಹಾಕುವವರು ಸುಲಭಕ್ಕೆ ಸಿಗುವುದಿಲ್ಲ. ಆರೂವರೆಗೆ ಎಲ್ಲರ ನಲ್ಲಿಗೂ ನೀರು ಬರಬೇಕು ಎಂಬ ಕಾಳಜಿಯಿಂದ ಆರೂ ಐದಕ್ಕೇ ಪಂಪು ಚಾಲೂ ಮಾಡುವವರಂತೂ ಇನ್ನೂ ವಿರಳ. ಕ್ಲೋರಿನ್ ತನ್ನ ಕೆಲಸ ಮುಗಿಸುವುದಕ್ಕೆ ಸುಮಾರು ಅರ್ಧ ಗಂಟೆಯ ಸಂಪರ್ಕಾವಧಿ ಬೇಕು, ಆ ಅವಧಿ ಕಳೆದ ಮೇಲೂ ನೀರಿನಲ್ಲಿ ಒಂದಿಷ್ಟು ಕ್ಲೋರಿನ್ ಉಳಿದಿರಬೇಕು ಎಂಬುದು ನೀರು ಶುದ್ಧೀಕರಣದ ಮೊದಲ ಪಾಠ. ಆದರೆ ಪಂಪಿನ ಸ್ವಿಚ್ಚಿಗೆ ಆ ಪಾಠವನ್ನು ಹೇಳಿಕೊಟ್ಟವರು ಯಾರು? ಐದು ನಿಮಿಷದಲ್ಲಿ ಮೂಲೆಯಲ್ಲಿ ಬಿದ್ದ ಪೌಡರು ಸಂಪಿನ ಇನ್ನೊಂದು ಮೂಲೆಗೆ ತಲುಪಿರುವುದೂ ಅನುಮಾನ.

ಸ್ವಲ್ಪ ಲೆಕ್ಕ ಮಾಡೋಣ. ನಮ್ಮ ಸಂಪಿನಲ್ಲಿ 20,000 ಲೀಟರ್ ನೀರು ನಿಲ್ಲುತ್ತದೆ. ಕಾರ್ಯದರ್ಶಿಗಳು ಹಾಕುವುದು ಒಂದು ಡಬ್ಬಿ, ಅಂದರೆ 80 ಗ್ರಾಂ ಎಂದಿಟ್ಟುಕೊಳ್ಳೋಣ. ಪೌಡರಿನ ತೂಕದ ಕಾಲು ಭಾಗ ಕ್ಲೋರಿನ್ ಇದ್ದರೆ ಲೀಟರಿಗೆ 1 ಮಿಲಿಗ್ರಾಂ ಸಿಗುತ್ತದೆ, ತಿಳಿನೀರಿಗೆ ಇದು ಸಾಮಾನ್ಯವಾಗಿ ಸಾಕು. ಆದರೆ ಕಳೆದ ಬೇಸಿಗೆಯಲ್ಲಿ ಬಾಯಿ ಬಿಚ್ಚಿದ ಚೀಲವು ಪಂಪ್ ಕೋಣೆಯ ತೇವದಲ್ಲಿ ಗಟ್ಟಿಯಾಗಿ ಕುಳಿತಿದೆ, ಬ್ಲೀಚಿಂಗ್ ಪೌಡರ್ ಗಾಳಿ ಮತ್ತು ತೇವಕ್ಕೆ ಸಿಕ್ಕರೆ ದಿನದಿಂದ ದಿನಕ್ಕೆ ಸತ್ವ ಕಳೆದುಕೊಳ್ಳುತ್ತದೆ. ಅದರಲ್ಲಿ ಈಗ ಶೇ. 15 ಕ್ಲೋರಿನ್ ಉಳಿದಿದೆ ಎಂದು ಉದಾರವಾಗಿ ಒಪ್ಪಿಕೊಂಡರೂ ಲೀಟರಿಗೆ ದೊರೆಯುವುದು 0.6 ಮಿಲಿಗ್ರಾಂ ಮಾತ್ರ.

ಇನ್ನು ಈ 0.6ಕ್ಕೆ ಕೆಂಪು ನೀರಿನಲ್ಲಿ ಒದಗುವ ಗತಿಯನ್ನು ನೋಡಬೇಕು. ಮಳೆನೀರಿನೊಡನೆ ಬಂದ ಮಣ್ಣಿನ ಕಣ, ಕೊಳೆತ ಎಲೆಯ ಸಾರ, ಕಬ್ಬಿಣದ ಅಂಶ, ಇವೆಲ್ಲವೂ ಕ್ಲೋರಿನ್ನಿಗೆ ಕೈಚಾಚುತ್ತವೆ. ನಮ್ಮ ಊರಿನ ಮದುವೆಯಲ್ಲಿ ಕರೆಯದೆ ಬಂದವರು ಮೊದಲ ಪಂಕ್ತಿಯಲ್ಲಿ ಕುಳಿತು ಪಾಯಸ ಮುಗಿಸಿದ ಮೇಲೆ ಕರೆದ ನೆಂಟರಿಗೆ ಬರಿ ಎಲೆ ಉಳಿಯುವಂತೆ, ಕ್ಲೋರಿನ್ನನ್ನು ಯಾರಿಗಾಗಿ ತರಿಸಲಾಗಿತ್ತೋ ಆ ರೋಗಾಣುಗಳ ಸರದಿ ಬರುವಷ್ಟರಲ್ಲಿ ಪಾತ್ರೆ ಖಾಲಿಯಾಗಿರುತ್ತದೆ. ವ್ಯತ್ಯಾಸವೆಂದರೆ ಇಲ್ಲಿ ಬಡಿಸದೆ ಬಿಟ್ಟದ್ದಕ್ಕೆ ನೆಂಟರಿಗೆ ಬೇಸರವಿಲ್ಲ. ಈ ನೀರು ಲೀಟರಿಗೆ 2 ಮಿಲಿಗ್ರಾಂ ಕ್ಲೋರಿನ್ ನುಂಗುತ್ತದೆ ಎಂದಾದರೆ, ನುಂಗಿದ ಮೇಲೆ 0.5 ಉಳಿಯಬೇಕಾದರೆ, ಅದೇ ಹಳೆಯ ಚೀಲದಿಂದ ಸುಮಾರು 330 ಗ್ರಾಂ ಹಾಕಬೇಕಾಗುತ್ತದೆ. 80 ಗ್ರಾಂ ಹಾಕಿದವರು ನೀರನ್ನು ಶುದ್ಧಗೊಳಿಸಲಿಲ್ಲ, ಭಾವಚಿತ್ರ ತೆಗೆಸಿಕೊಂಡರು, ಅಷ್ಟೇ.

ಹಾಗಾದರೆ ನಾಲ್ಕು ಡಬ್ಬಿ ಸುರಿದರಾಯಿತಲ್ಲ ಎಂದು ಸಮಿತಿಯ ಉತ್ಸಾಹಿ ಸದಸ್ಯರೊಬ್ಬರು ಸೂಚಿಸಿದ್ದಾರೆ. ದುರದೃಷ್ಟವಶಾತ್ ಲೆಕ್ಕ ಸರಿಹೋದರೂ ನೀರು ಸರಿಹೋಗುವುದಿಲ್ಲ. ಕೆಸರಿನ ಕಣಗಳು ಕ್ಲೋರಿನ್ನನ್ನು ತಿನ್ನುವುದಲ್ಲದೆ ರೋಗಾಣುಗಳಿಗೆ ಆಶ್ರಯವನ್ನೂ ಕೊಡುತ್ತವೆ. ಕಣಗಳ ಮುದ್ದೆಯ ಒಳಗೆ ಅಡಗಿರುವ ಬ್ಯಾಕ್ಟೀರಿಯಾವನ್ನು ತಲುಪುವ ಮೊದಲೇ ಕ್ಲೋರಿನ್ ಮುದ್ದೆಯ ಹೊರಮೈಯಲ್ಲೇ ವ್ಯಯವಾಗುತ್ತದೆ. ಆದ್ದರಿಂದ ಕಲಕಿದ ನೀರಿನಲ್ಲಿ ಶೇಷ ಕ್ಲೋರಿನ್ ಕಂಡುಬಂದರೂ ಆ ನೀರು ಸುರಕ್ಷಿತ ಎಂದು ಹೇಳುವಂತಿಲ್ಲ. ಸಾವಯವ ಪದಾರ್ಥ ಹೆಚ್ಚಿದ್ದಲ್ಲಿ ಕ್ಲೋರಿನ್ನನ್ನೂ ಹೆಚ್ಚಿಸಿದರೆ ಟ್ರೈಹ್ಯಾಲೋಮೀಥೇನ್‌ನಂಥ ಬೇಡದ ಸಂಯುಕ್ತಗಳೂ ಹುಟ್ಟಿಕೊಳ್ಳುತ್ತವೆ. ಪೌಡರನ್ನು ಬಕೆಟ್ಟಿನಲ್ಲಿ ಕದಡಿ, ಸುಣ್ಣ ತಳ ಸೇರಿದ ಮೇಲೆ ಮೇಲಿನ ತಿಳಿಯನ್ನು ಮಾತ್ರ ಬಳಸಬೇಕೆಂಬುದು ಬಾವಿಗೆ ಔಷಧಿ ಹಾಕುವ ಆರೋಗ್ಯ ಕಾರ್ಯಕರ್ತೆಯರಿಗೆಲ್ಲ ಗೊತ್ತಿರುವ ಸಂಗತಿ. ನಮ್ಮವರು ಒಣ ಪೌಡರನ್ನೇ ನೇರವಾಗಿ ಸುರಿದು ಕೆಸರಿಗೆ ಸುಣ್ಣದ ಗಸಿಯನ್ನೂ ಸೇರಿಸಿ ನೀರನ್ನು ಇನ್ನಷ್ಟು ಕಲಕುತ್ತಾರೆ.

ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500 ಪ್ರಕಾರ ನೀರಿನ ಕಲಕುತನವು ಅದನ್ನು ಅಳೆಯುವ ಎನ್‌ಟಿಯು ಮಾನದಲ್ಲಿ 1ನ್ನು ಮೀರಬಾರದು, ಬೇರೆ ಮೂಲವೇ ಇಲ್ಲದಿದ್ದರೆ 5ರವರೆಗೆ ಸಹಿಸಬಹುದು. ಕ್ಲೋರಿನ್ ಹಾಕಿದ ನೀರಿನಲ್ಲಿ ಶೇಷವು ಬಳಕೆದಾರರ ಕೊನೆಯಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಇರಬೇಕು. ಶುದ್ಧೀಕರಣ ಘಟಕಗಳಲ್ಲಿ ಮೊದಲು ಪಟಿಕ ಹಾಕಿ ಕಣಗಳನ್ನು ಮುದ್ದೆಗಟ್ಟಿಸಿ, ತಳಕ್ಕಿಳಿಸಿ, ಮರಳಿನಲ್ಲಿ ಸೋಸಿ, ಆಮೇಲಷ್ಟೇ ಕೊನೆಯ ಕ್ಲೋರಿನ್ ಕೊಡುವುದು ಈ ಕಾರಣಕ್ಕೇ. ನದಿಯ ನೀರನ್ನು ಇಷ್ಟೆಲ್ಲ ಮಾಡಿ ಕಳುಹಿಸಿದ ಮೇಲೆ, ಬಿರುಕು ಬಿಟ್ಟ ಸಂಪಿನೊಳಕ್ಕೆ ಅಂಗಳದ ಮಳೆನೀರನ್ನು ಇಳಿಬಿಟ್ಟು ಪುನಃ ನದಿಯಾಗಿಸುವ ಸಾಧನೆ ನಮ್ಮ ಸಮಿತಿಯದ್ದು.

ನೀರು ಸರಿಯಿದೆಯೇ ಎಂದು ತಿಳಿಯಲು ಅವರಿಗೆ ಒಂದು ವಿಧಾನವಿದೆ: ಮೂಸಿ ನೋಡುವುದು. ಘಾಟು ಬಂದರೆ ಔಷಧಿ ಹಿಡಿದಿದೆ ಎಂದು ತೀರ್ಪು. ಆದರೆ ಕ್ಲೋರಿನ್ ನೀರಿನಲ್ಲಿರುವ ಅಮೋನಿಯಾದಂಥ ಪದಾರ್ಥಗಳೊಡನೆ ಕೂಡಿಕೊಂಡಾಗಲೂ ಘಾಟು ಬರುತ್ತದೆ, ಹಾಗೆ ಕೂಡಿಕೊಂಡ ಕ್ಲೋರಿನ್ ರೋಗಾಣುಗಳ ಮೇಲೆ ಬಹಳ ನಿಧಾನವಾಗಿ ಕೆಲಸ ಮಾಡುತ್ತದೆ. ಸಮಿತಿಯ ಕಪಾಟಿನಲ್ಲಿ ಶೇಷ ಕ್ಲೋರಿನ್ ಅಳೆಯುವ ಒಂದು ಕ್ಲೋರೋಸ್ಕೋಪ್ ಇದೆ. ಅದರ ಗಾಜಿನ ನಳಿಗೆಗೆ ನೀರು ತುಂಬಿ ಕೆಲವು ಹನಿ ಆರ್ಥೋಟೊಲಿಡಿನ್ ಹಾಕಿದರೆ ಹಳದಿ ಬಣ್ಣ ಮೂಡುತ್ತದೆ. ಹತ್ತು ಸೆಕೆಂಡಿನೊಳಗೆ ಕಂಡ ಬಣ್ಣ ಮುಕ್ತ ಕ್ಲೋರಿನ್ನಿನದು, ಆಮೇಲೆ ನಿಧಾನವಾಗಿ ಗಾಢವಾಗುವುದು ಕೂಡಿಕೊಂಡದ್ದರದು. ಇದನ್ನು ನೋಡಬೇಕಾದದ್ದು ಸಂಪಿನ ಪಕ್ಕದಲ್ಲಲ್ಲ, ಕೊಳವೆಯ ಕೊನೆಯಲ್ಲಿರುವ ಮನೆಯ ನಲ್ಲಿಯಲ್ಲಿ. ಅದೂ ನೀರು ಕಣ್ಣಿಗೆ ತಿಳಿಯಾಗಿದ್ದಾಗ ಮಾತ್ರ, ಏಕೆಂದರೆ ಕೆಂಪು ನೀರಿನಲ್ಲಿ ಹಳದಿಯನ್ನು ಓದಲು ಹೊರಟವರಿಗೆ ಪ್ರತಿದಿನವೂ ಶೇಷ ಸಮೃದ್ಧವಾಗಿಯೇ ಕಾಣುತ್ತದೆ.

ಹೀಗಾಗಿ ಇಡೀ ಪ್ರಕಟಣೆಯಲ್ಲಿ ಪ್ರಾಮಾಣಿಕವಾದದ್ದು ಆ ಎರಡನೆಯ ವಾಕ್ಯ. ಕುದಿಯುವ ಶಾಖವು ಕಣದ ಒಳಗೂ ಇಳಿಯುವುದರಿಂದ, ಬಟ್ಟೆಯಲ್ಲಿ ಸೋಸಿ ಚೆನ್ನಾಗಿ ಮರಳಿಸಿದ ನೀರು ನಿಜಕ್ಕೂ ಕುಡಿಯಲು ಯೋಗ್ಯ. ಆದರೆ ಹಾಗೆ ಹೇಳುವುದೆಂದರೆ ಸಂಪಿನ ಬಿರುಕಿಗೆ ಹಾಕಬೇಕಾದ ಸಿಮೆಂಟಿನ ಖರ್ಚನ್ನು ಪ್ರತಿ ಮನೆಯ ಗ್ಯಾಸ್ ಸಿಲಿಂಡರಿಗೆ ವರ್ಗಾಯಿಸುವುದು ಎಂದರ್ಥ. ತಿಂಗಳ ನಿರ್ವಹಣಾ ಶುಲ್ಕ ಕೊಟ್ಟು, ನೀರಿನ ಬಿಲ್ಲು ಕಟ್ಟಿ, ಮಗುವಿನ ಬಾಟಲಿಗೆ ನೀರು ತುಂಬುವಾಗ ಕಾಮಾಲೆಯ ಭಯದಿಂದ ಎರಡೆರಡು ಬಾರಿ ಕುದಿಸುವ ತಾಯಂದಿರಿಗೆ ಭಯ ಬೇಡ ಎಂದು ಸಂದೇಶ ಕಳುಹಿಸಲು ಸ್ವಲ್ಪವಾದರೂ ನಾಚಿಕೆಯಾಗಬೇಡವೇ?

ಸಂಪನ್ನು ಖಾಲಿ ಮಾಡಿ ತೊಳೆದು ಬಿರುಕು ಮುಚ್ಚಿಸುವ ವಿಷಯವನ್ನು ಸಮಿತಿಯ ಮುಂದಿಟ್ಟಾಗ, ಅದನ್ನು ಸೆಪ್ಟೆಂಬರ್ ಕೊನೆಯ ಮಹಾಸಭೆಯ ಕಾರ್ಯಸೂಚಿಗೆ ಸೇರಿಸಲಾಗಿದೆ ಎಂಬ ಉತ್ತರ ಬಂತು. ಅಷ್ಟರಲ್ಲಿ ಮಳೆ ಕಡಿಮೆಯಾಗಿ ನೀರು ತಾನಾಗಿಯೇ ತಿಳಿಯಾಗಿರುತ್ತದೆ, ವರದಿಯಲ್ಲಿ ಅದನ್ನು ಸಮಿತಿಯ ಸತತ ಪ್ರಯತ್ನದ ಫಲ ಎಂದು ಬರೆದುಕೊಳ್ಳಲು ಅವಕಾಶವೂ ಇರುತ್ತದೆ.