ಲೋಗೊ ದೊಡ್ಡದು ಮಾಡಿ ಅಂದ ಅಣ್ಣನಿಗೆ

ಮೈಸೂರಿನಲ್ಲಿ ಕೂತು ಮಂಡ್ಯ ಕಡೆಯ ಒಂದು ಆಲೆಮನೆಗೆ, ಒಂದು ಕೆಜಿ ಬೆಲ್ಲದ ಪೌಚ್ ಡಿಸೈನ್ ಮಾಡುತ್ತಿದ್ದೇನೆ. ಮೂರು ವಾರದಲ್ಲಿ ಆಲೆಮನೆಯ ಮಾಲೀಕರಿಂದ ಐದು ಸಲ ವಾಟ್ಸಾಪ್ ಬಂತು: ಲೋಗೊ ಇನ್ನೂ ದೊಡ್ಡದು, ಬಣ್ಣ ಇನ್ನೂ ಜಾಸ್ತಿ. ನಿನ್ನೆ ರಾತ್ರಿ ಈ ಉತ್ತರ ಬರೆದೆ. ಅವರನ್ನು ಕೇಳಿಯೇ ಇಲ್ಲಿ ಹಾಕುತ್ತಿದ್ದೇನೆ.

ಅಣ್ಣ, ನಮಸ್ಕಾರ.

ಲೋಗೊ ಚಿಕ್ಕದಾಗಿ ಕಾಣುತ್ತದೆ ಅಂದಿರಿ. ನಿಮಗೆ ಹಾಗೆ ಕಂಡಿದ್ದು ಸರಿಯೇ. ಪೌಚ್ ಅಗಲ 15 ಸೆಂ.ಮೀ., ಲೋಗೊ ಏಳೂವರೆ. ಆದರೆ ನೀವು ನೋಡಿದ್ದು ಫೋನಿನಲ್ಲಿ. ಅಲ್ಲಿ ಇಡೀ ಪೌಚ್ ಏಳು ಸೆಂ.ಮೀ.ಗೆ ಕುಗ್ಗುತ್ತದೆ, ಲೋಗೊ ಮೂರೂವರೆಗೆ ಇಳಿಯುತ್ತದೆ.

ಆದರೂ ನೀವು ಹೇಳಿದ ಹಾಗೆ 12 ಸೆಂ.ಮೀ. ಮಾಡಿದೆ. ಅದೇ ಅಳತೆಗೆ ಪ್ರಿಂಟ್ ತೆಗೆಸಿ, ಖಾಲಿ ಪೌಚಿಗೆ ಅಂಟಿಸಿ, ಒಳಗೆ ಒಂದು ಕೆಜಿ ಬೆಲ್ಲ ತುಂಬಿದೆ. ತುಂಬಿದ ಮೇಲೆ ಪೌಚ್ ಉಬ್ಬುತ್ತದೆ ಅಲ್ವಾ? ಎರಡು ಪಕ್ಕವೂ ಹಿಂದಕ್ಕೆ ಬಾಗುತ್ತವೆ. ಲೋಗೊದಲ್ಲಿರುವ ನಿಮ್ಮ ತಂದೆಯವರ ಹೆಸರಿನ ಮೊದಲ ಅಕ್ಷರ, ಕೊನೆಯ ಅಕ್ಷರ ಎರಡೂ ಆ ಬಾಗಿದ ಕಡೆ ಹೋಗಿಬಿಟ್ಟವು. ಎದುರಿಗೆ ನಿಂತರೆ ನಡುವಿನ ಅಕ್ಷರಗಳಷ್ಟೇ ಕಂಡವು. ಏಳೂವರೆಯದ್ದನ್ನು ಹಾಗೇ ತುಂಬಿ ಶೆಲ್ಫಿನಲ್ಲಿಟ್ಟು ಎಂಟು ಅಡಿ ದೂರದಿಂದ ನೋಡಿದೆ. ಹೆಸರು ಪೂರ್ತಿ ಓದಲು ಬಂತು. ಸುತ್ತ ಬಿಟ್ಟಿರುವ ಖಾಲಿ ಜಾಗ ಸುಮ್ನೆ ಬಿಟ್ಟದ್ದಲ್ಲ ಅಣ್ಣ. ಕಣ್ಣು ನೇರವಾಗಿ ಹೆಸರಿನ ಮೇಲೆ ಹೋಗುವುದು ಅದರಿಂದಲೇ. ಹೆಚ್ಚೆಂದರೆ ಒಂಬತ್ತರವರೆಗೆ ಹೋಗಬಹುದು, ಅದನ್ನೂ ಮಾಡಿಟ್ಟಿದ್ದೇನೆ.

ಇನ್ನು ಬಣ್ಣ. ಇದು ನನಗೆ ನಿಜವಾಗಿ ಮುಖ್ಯ. ಬೆಲ್ಲದ ಬಣ್ಣ ತಿಳಿ ಮಾಡುವ ಹೈಡ್ರೋಸ್ ಅನ್ನೋ ರಾಸಾಯನಿಕ ನೀವು ಹಾಕುವುದಿಲ್ಲ. ಅದಕ್ಕೇ ನಿಮ್ಮ ಬೆಲ್ಲ ಕಡು ಕಂದು. ಪೌಚಿನ ಮುಂದೆ ಪಾರದರ್ಶಕ ಕಿಟಕಿ ಇಟ್ಟಿದ್ದೇ ಆ ಬಣ್ಣ ಕಾಣಲಿ ಅಂತ. ನೀವು ಕೇಳಿದ ಗಾಢ ಹಳದಿಯನ್ನು ಕಿಟಕಿಯ ಸುತ್ತ ಹಾಕಿ ನೋಡಿದೆ. ಬೆಲ್ಲ ಕಪ್ಪಗೆ, ಹಳೆಯದರ ಹಾಗೆ ಕಂಡಿತು. ಬೆಲ್ಲ ಅದೇ, ಪಕ್ಕದ ಬಣ್ಣ ಕಣ್ಣಿಗೆ ಹಾಗೆ ಮಾಡುತ್ತದೆ. ಕೆನೆ ಬಣ್ಣದ ಪಕ್ಕದಲ್ಲಿ ಮಾತ್ರ ಅದು ಆಗತಾನೆ ಅಚ್ಚಿನಿಂದ ತೆಗೆದ ಹಾಗಿತ್ತು. ಅಂಗಡಿಯಲ್ಲಿ ಪಕ್ಕದಲ್ಲೇ ಹಳದಿ ಬೆಲ್ಲ ಇರುತ್ತದೆ. ನಮ್ಮ ಪೌಚೇ ನಮ್ಮ ಬೆಲ್ಲವನ್ನು ಕಪ್ಪು ಮಾಡಿ ತೋರಿಸಬಾರದು.

ಖರ್ಚಿನ ಮಾತೂ ಇದೆ. ನೀವು ಒಪ್ಪಿರುವ ಗ್ರಾವೂರ್ ಪ್ರಿಂಟಿಂಗ್‌ನಲ್ಲಿ ಒಂದೊಂದು ಬಣ್ಣಕ್ಕೂ ಒಂದೊಂದು ಸಿಲಿಂಡರ್ ಕೆತ್ತಿಸಬೇಕು. ಈಗ ಮೂರಿವೆ. ಕೆಂಪು, ನೀಲಿ, ಹಳದಿ ಬೇರೆಬೇರೆಯಾಗಿ ಸೇರಿಸಿದರೆ ಆರು. ಒಂದು ಬಣ್ಣ ಕೂದಲೆಳೆಯಷ್ಟು ಸರಿದರೂ ಸಣ್ಣ ಅಕ್ಷರದ ಅಂಚು ಎರಡೆರಡಾಗಿ ಕಾಣುತ್ತದೆ.

ಕೊನೆಗೆ ನೀವು ಹೇಳಿದಂತೆಯೇ ಆಗಲಿ, ಆದರೆ ಫೋನಿನಲ್ಲಿ ನೋಡಿ ಮಾತ್ರ ಬೇಡ. ಭಾನುವಾರ ಬೆಳಿಗ್ಗೆ ಮೂರು ಖಾಲಿ ಪೌಚ್ ತರುತ್ತೇನೆ: ಏಳೂವರೆ, ಒಂಬತ್ತು, ಹನ್ನೆರಡು. ಮೂರು ಕೆಜಿ ಬೆಲ್ಲ ತೆಗೆದಿಟ್ಟಿರಿ. ನಿಮ್ಮೂರಿನ ಅಂಗಡಿಯ ಶೆಲ್ಫಿನಲ್ಲೇ ಇಟ್ಟು ನೋಡೋಣ. ಅಮ್ಮನನ್ನೂ ಕರೆದುಕೊಂಡು ಬನ್ನಿ, ಕನ್ನಡಕ ಇಲ್ಲದೆ ಯಾವುದನ್ನು ಓದುತ್ತಾರೋ ಕೇಳೋಣ.