ತುರ್ತಿದ್ದರೆ ಅವರನ್ನು ಕೇಳಿ

ಆಯುಧಪೂಜೆಗೆ ಎರಡು ದಿನ ಮುಂಚೆ ಬೆಂಗಳೂರಿನ ಒಂದು ಕಂಪನಿಗೆ ಡೈರಿ ಅಚ್ಚು ಹಾಕಿಕೊಟ್ಟ 48,600 ರೂಪಾಯಿಯ ಬಾಕಿ ಬಿಲ್ ಮತ್ತೊಮ್ಮೆ ಮೇಲ್ ಮಾಡಿದೆ. ಅರ್ಧ ನಿಮಿಷದಲ್ಲಿ ಉತ್ತರ! ಆ ಕಂಪನಿಯಿಂದ ಇಷ್ಟು ಬೇಗ ಏನೂ ಬಂದದ್ದಿಲ್ಲ. ತೆರೆದರೆ, ಲೆಕ್ಕದ ಮೇಡಂ ಅವರ ಆಟೋ ರಿಪ್ಲೈ: "ರಜೆಯಲ್ಲಿದ್ದೇನೆ. ಮೇಲ್ ನೋಡುವ ಅವಕಾಶ ಸೀಮಿತ. ತುರ್ತಿದ್ದರೆ ನಮ್ಮ ಮ್ಯಾನೇಜರನ್ನು ಸಂಪರ್ಕಿಸಿ. ಶೀಘ್ರವೇ ಮರಳುತ್ತೇನೆ."

ಅವಕಾಶ ಸೀಮಿತವಂತೆ. ಅದೇ ಹೊತ್ತಿಗೆ ಸಕಲೇಶಪುರದ ಹೋಮ್‌ಸ್ಟೇಯಿಂದ ವಾಟ್ಸಾಪ್ ಸ್ಟೇಟಸ್ಸಿಗೆ ಹದಿನಾಲ್ಕು ಫೋಟೊ ಏರಿದ್ದವು. "ಶೀಘ್ರ" ಎಂದರೆ ಯಾವ ವಾರ ಎಂಬುದನ್ನು ನಮ್ಮ ರಸ್ತೆಯ ಗುಂಡಿಯೇ ಹೇಳಬೇಕು.

ಮ್ಯಾನೇಜರಿಗೆ ಬರೆದೆ. ಅವರೂ ರಜೆ. "ಬಿಲ್ಲಿನ ವಿಷಯಕ್ಕೆ ನಮ್ಮ ಲೆಕ್ಕದ ಮೇಡಂ ಅವರನ್ನು ಸಂಪರ್ಕಿಸಿ."

ಇದರಲ್ಲಿ ಯಂತ್ರಕ್ಕೇ ಹೆಚ್ಚು ಬುದ್ಧಿ. ಆಟೋ ರಿಪ್ಲೈಗೆ ಇನ್ನೊಂದು ಆಟೋ ರಿಪ್ಲೈ ಉತ್ತರಿಸಬಾರದು ಎಂದು 2004ರಲ್ಲೇ ಆರ್‌ಎಫ್‌ಸಿ 3834 ಎಂಬ ಇಂಟರ್ನೆಟ್ ನಿಯಮ ಬರೆದಿಟ್ಟರು. ಇಲ್ಲವಾದರೆ ಎರಡು ಪೆಟ್ಟಿಗೆಗಳು ರಾತ್ರಿಯಿಡೀ "ನಾನಿಲ್ಲ", "ನಾನೂ ಇಲ್ಲ" ಎಂದುಕೊಳ್ಳುತ್ತಿದ್ದವು. ಜಿಮೇಲ್ ಕೂಡ ಒಬ್ಬರಿಗೆ ಒಮ್ಮೆ ಹೇಳಿದ್ದನ್ನು ನಾಲ್ಕು ದಿನ ಮತ್ತೆ ಹೇಳುವುದಿಲ್ಲ. ಪರಸ್ಪರ ಬೊಟ್ಟು ಮಾಡಿ ಒಟ್ಟಿಗೇ ರಜೆ ಹಾಕುವ ಮನುಷ್ಯರಿಗೆ ಮಾತ್ರ ಆರ್‌ಎಫ್‌ಸಿ ಇಲ್ಲ.

ಫೋನ್ ಮಾಡಿದರೆ, ಹೊಸದಾಗಿ ಸೇರಿದ ಹುಡುಗನೊಬ್ಬ ಸಿಕ್ಕ. ಮೇಡಂ ಅವನಿಗೆ ಹ್ಯಾಂಡೋವರ್ ನೋಟ್ ಬಿಟ್ಟುಹೋಗಿದ್ದರಂತೆ. ಭಕ್ತಿಯಿಂದ ಓದಿ ಹೇಳಿದ: "ಪ್ರಿಂಟರ್ – ಪೆಂಡಿಂಗ್. ಫಾಲೋಅಪ್ ಮಾಡು." ಎಷ್ಟು ದುಡ್ಡು, ಯಾರಿಗೆ, ಯಾರ ಸಹಿ ಬಾಕಿ, ಎಂದಿನೊಳಗೆ? ಒಂದೂ ಇಲ್ಲ.

"ಫಾಲೋಅಪ್ ಮಾಡಿದೆಯೇನಪ್ಪಾ?"

"ಮಾಡ್ದೆ ಸಾರ್. ಮೆಕ್ಯಾನಿಕ್ ಕರೆಸಿ ಟೋನರ್ ಹಾಕಿಸ್ದೆ. ಈಗ ಚೆನ್ನಾಗಿ ಪ್ರಿಂಟ್ ಬರ್ತಿದೆ."

ಹುಡುಗನದೇನು ತಪ್ಪು? "ಡೈರಿ ಮುದ್ರಕರ ಬಿಲ್ 48,600, ಮ್ಯಾನೇಜರ್ ಸಹಿ ಆಗಿದೆ, ಶುಕ್ರವಾರದೊಳಗೆ ಬ್ಯಾಂಕಿಗೆ ಹಾಕು" ಎಂದಿದ್ದರೆ ಅವನೇ ಮುಗಿಸುತ್ತಿದ್ದ. ಅಷ್ಟು ಬರೆಯಲು ಒಂದು ನಿಮಿಷ ಬೇಕು. ಫೋಟೊ ಹದಿನಾಲ್ಕು, ನಿಮಿಷ ಎಲ್ಲಿಂದ ತರುತ್ತಾರೆ!

ಖುದ್ದಾಗಿ ಹೋದೆ. ಗೇಟಿನಲ್ಲಿ ಪಾಳಿ ಮುಗಿಸುತ್ತಿದ್ದ ಸೆಕ್ಯುರಿಟಿ ರಿಜಿಸ್ಟರಿನಲ್ಲಿ ಬರೆಯುತ್ತಿದ್ದರು: "ಎರಡನೇ ಮಹಡಿ ಕೀ ಮೇಜಿನ ಎಡಗಡೆ ಖಾನೆಯಲ್ಲಿ. ಜನರೇಟರ್ ಡೀಸೆಲ್ ಅರ್ಧ ಇದೆ. ಸಂಜೆ 200 ಲೀಟರ್ ಬರುತ್ತೆ, ಅಳೆದು ಸಹಿ ಹಾಕು. ನಾನು ಗುರುವಾರ ಬೆಳಿಗ್ಗೆ 6ಕ್ಕೆ ಬರ್ತೀನಿ. ಅಷ್ಟರಲ್ಲಿ ಏನಾದ್ರೂ ಆದ್ರೆ ಸೂಪರ್‌ವೈಸರಿಗೆ ಹೇಳು, ಅವರಿಗೆ ತಿಳಿಸಿದೀನಿ." ಬರೆದು ಎದ್ದು ಹೋಗಲಿಲ್ಲ. ಬದಲಿಯವ ಬರುವವರೆಗೆ ಕಾದು, ಓದಿಸಿ, "ಗೊತ್ತಾಯ್ತಾ?" ಎಂದು ಕೇಳಿ ಸೈಕಲ್ ಹತ್ತಿದರು. ಆ ಕಟ್ಟಡದಲ್ಲಿ ಅತಿ ಕಡಿಮೆ ಸಂಬಳ ಬಹುಶಃ ಅವರದೇ.

ಹತ್ತು ದಿನದ ಮೇಲೆ ಮೇಡಂ ಫೋನ್ ಮಾಡಿದರು. ಬಂದಿದ್ದಾರೆ, ಆದರೆ ರಜೆಯ ಮೇಲ್‌ಗಳ ರಾಶಿಯಲ್ಲಿ ನನ್ನ ಬಿಲ್ ಸಿಗುತ್ತಿಲ್ಲ, ಇನ್ನೊಮ್ಮೆ ಕಳಿಸಬೇಕಂತೆ. ಅವರು ಲೈನಿನಲ್ಲಿರುವಾಗಲೇ ಕಳಿಸಿದೆ. ಅರ್ಧ ನಿಮಿಷದಲ್ಲಿ ಉತ್ತರ ಬಂತು: "ರಜೆಯಲ್ಲಿದ್ದೇನೆ. ತುರ್ತಿದ್ದರೆ ನಮ್ಮ ಮ್ಯಾನೇಜರನ್ನು ಸಂಪರ್ಕಿಸಿ."