ಆಸ್ರಿಗೆ ಬೇಕಾ?

ನಾನು ಶಿರಸಿ ಕಡೆಯವಳು, ನಮ್ಮನೆಯವರು ಧಾರವಾಡದವರು, ಸಂಸಾರ ಪುಣೆಯ ಕೋಥ್ರೂಡಿನಲ್ಲಿ. ಮದುವೆಯಾದ ಹೊಸದರಲ್ಲಿ ಇವರ ಕಾಕಾ ಬಂದರು. ರಾತ್ರಿಯೆಲ್ಲ ಬಸ್ಸಿನಲ್ಲಿ ಕೂತು, ಬೆಳಗ್ಗೆ ಸ್ವಾರಗೇಟಿನಲ್ಲಿ ಇಳಿದು, ರಿಕ್ಷಾದವನ ಜೊತೆ ಜಗಳ ಮುಗಿಸಿ ಬಂದಿದ್ದರು. ಬಾಗಿಲು ತೆಗೆದವಳೇ ನಗುನಗುತ್ತಾ ಹೇಳಿದೆ: "ಬನ್ನಿ ಕಾಕಾ, ಕೂತ್ಕೊಳ್ಳಿ. ಆಸ್ರಿಗೆ ಬೇಕಾ?"

ಕಾಕಾ ಚಪ್ಪಲಿ ಬಿಡುತ್ತಿದ್ದವರು ಒಂದು ಕಾಲಲ್ಲೇ ನಿಂತುಬಿಟ್ಟರು.

"ಆಸರಾ ಏನೂ ಬ್ಯಾಡವಾ. ಎರಡ ದಿನ ಇದ್ದು ಹೋಗಾಂವ ನಾ."

ನಮ್ಮ ಕಡೆ ಆಸ್ರಿಗೆ ಅಂದರೆ ಕುಡಿಯುವುದಕ್ಕೆ. ಬೆಲ್ಲ-ನೀರು, ಮಜ್ಜಿಗೆ, ಪಾನಕ, ಚಹಾ, ಎಲ್ಲವೂ ಆ ಒಂದೇ ಮಾತಿನಲ್ಲಿ ಬಂತು. ಕಾಕಾನ ಕಿವಿಗೆ ಬಿದ್ದದ್ದು ಮಾತ್ರ 'ಆಸರೆ'. ಹೊಸ ಸೊಸೆ ಹೊಸ್ತಿಲಲ್ಲೇ ನಿಲ್ಲಿಸಿ, "ನಿಮಗೆ ಇರೋಕೆ ಜಾಗ ಬೇಕಾ?" ಎಂದು ವಿಚಾರಣೆ ಮಾಡಿದ ಹಾಗಾಯಿತು. ಇವರು ಓಡಿ ಬಂದು ಅನುವಾದ ಮಾಡಿದ ಮೇಲೆ ಆ ಇನ್ನೊಂದು ಚಪ್ಪಲಿ ಕಾಲಿಂದ ಇಳಿಯಿತು.

ತಪ್ಪು ನನ್ನದೇ ಅಂತ ಈಗಲೂ ಒಪ್ಪುವುದಿಲ್ಲ. ಪುತ್ತೂರಿನ ನನ್ನ ಗೆಳತಿ ಮನೆಗೆ ಬಂದವರನ್ನು "ಬಾಯಾರಿಕೆ ಬೇಕಾ?" ಎಂದೇ ಕೇಳುತ್ತಾಳೆ. ಬಾಯಾರಿಕೆ ಹೊತ್ತುಕೊಂಡೇ ಬಂದವರಿಗೆ ಇನ್ನಷ್ಟು ಬಾಯಾರಿಕೆ! ಅದಕ್ಕೆ ಹೋಲಿಸಿದರೆ ನನ್ನದು ಎಷ್ಟೋ ವಾಸಿ, ಅಲ್ವಾ?

ಮಧ್ಯಾಹ್ನದ ಊಟ ಆದ ಮೇಲೆ ಕಾಕಾಗೇ ಏನೋ ಹೊಳೆಯಿತು. "ಅಲ್ಲವಾ, ನಾವೂ ಆಸರ ಬ್ಯಾಸರ ಅಂತೀವಲ್ಲ. ಆ ಆಸರ ಅಂದ್ರ ದಣಿವು. ನಿಮ್ಮದೂ ಅದ ಇರಬೇಕು." ಹೌದು, ಅದೇ. ಹಳೆಯ ಕನ್ನಡದ ಆಸರು ಅಂದರೆ ದಣಿವು, ಬಾಯಾರಿಕೆ ಎರಡೂ. ಧಾರವಾಡದವರು ದಣಿವನ್ನು ಇಟ್ಟುಕೊಂಡರು, ನಾವು ಬಾಯಾರಿಕೆ ಇಟ್ಟುಕೊಂಡೆವು. ರಾತ್ರಿ ಬಸ್ಸಿನಲ್ಲಿ ಬಂದ ಕಾಕಾಗೆ ಎರಡೂ ಇತ್ತು.

ಸಂಜೆ ಪಕ್ಕದ ಮನೆಯ ಮರಾಠಿ ಕಾಕೂ ಕರೆದರು. ಇಲ್ಲಿಯ ಕಥೆ ಬೇರೆ. ಮೊದಮೊದಲು ಅವರ ಮನೆಗೆ ಹೋದಾಗ ಅವರು "ಯಾ, ಯಾ" ಅಂದರೆ, ಎಷ್ಟು ಇಂಗ್ಲಿಷ್ ಮಾತಾಡ್ತಾರಪ್ಪ ಅಂದುಕೊಂಡಿದ್ದೆ. ಅದು ಬನ್ನಿ, ಬನ್ನಿ! ಆಮೇಲೆ "ಚಹಾ ಘೇಣಾರ್ ನಾ?" ಎನ್ನುತ್ತಿದ್ದರು. ನನ್ನ ಅರೆಬರೆ ಹಿಂದಿಗೆ ಆ 'ನಾ' ಅಂದರೆ ಬೇಡ. ಕುಡಿಯೋದಿಲ್ಲ ತಾನೇ ಎಂದು ಕೇಳ್ತಿದ್ದಾರೆ ಅಂತ ತಿಳಿದು, ಅವರಿಗೆ ಯಾಕೆ ತೊಂದರೆ ಎಂದು, "ಹೋ ಹೋ" ಎಂದು ಒಪ್ಪಿಕೊಳ್ಳುತ್ತಿದ್ದೆ. ಐದು ನಿಮಿಷಕ್ಕೆ ಚಹಾ ಬರುತ್ತಿತ್ತು. ಹೀಗೆ ಬೇಡ ಬೇಡ ಅನ್ನುತ್ತಲೇ ಒಂದು ತಿಂಗಳು ಕುಡಿದೆ. ಅದು ನಮ್ಮ "ಕುಡೀತೀರಲ್ವಾ?" ಎಂದು ತಿಳಿಯುವ ಹೊತ್ತಿಗೆ ಚಹಾ ಚಟವೇ ಆಗಿತ್ತು.

'ನಾ' ಬದಲು 'ಕಾ' ಬಂದರೆ ಮಾತ್ರ ಹುಷಾರು. "ಚಹಾ ಘೇಣಾರ್ ಕಾ?" ಅಂದರೆ ನಿಜವಾಗಿಯೂ ಪ್ರಶ್ನೆ. ಬೇಕಾದರೆ ಬೇಕು ಅನ್ನಬೇಕು. ಇದನ್ನು ಕಾಕಾಗೆ ಹೇಳಿ ಕಳಿಸಲು ಮರೆತೆ.

ಧಾರವಾಡದಲ್ಲಿ ಮೊದಲನೇ "ಬ್ಯಾಡ್ರಿ"ಗೆ ಬೆಲೆಯೇ ಇಲ್ಲ. ಎರಡನೆಯದಕ್ಕೆ ಮನೆಯಾಕೆ "ಏ, ಹಂಗಂದ್ರ ಹೆಂಗ್ರಿ" ಎನ್ನಬೇಕು. ಮೂರನೆಯದಕ್ಕೆ ಬಂದವರು "ಹಂಗಾರ ಅರ್ಧಾ ಕಪ್ಪ ಕೊಡ್ರಿ" ಎನ್ನಬೇಕು. ಅಷ್ಟರಲ್ಲಿ ಒಲೆ ಮೇಲೆ ಚಹಾ ಕುದಿಯುತ್ತಲೇ ಇರುತ್ತದೆ. ಕಾಕೂ "ಘೇಣಾರ್ ಕಾ?" ಅಂದರು. ಕಾಕಾ ಮರಾಠಿಯಲ್ಲೇ ಮೊದಲನೇ "ನಕೋ" ಅಂದರು. ಕಾಕೂ "ಬರಂ" ಎಂದು ಅವರೆದುರೇ ಕೂತು ಮಾತಿಗೆ ತೊಡಗಿದರು. ಕಾಕಾನ ಬಳಿ ಇನ್ನೂ ಎರಡು ನಕೋ ಬಾಕಿ ಇದ್ದವು. ಯಾರೂ ಕೇಳಲಿಲ್ಲ. ಮುಕ್ಕಾಲು ಗಂಟೆ ಕಳೆದು ಬಂದವರೇ, "ಛಲೋ ಮಂದಿ, ಆದ್ರ ಒಂದ ಸಲ ಅಷ್ಟ ಕೇಳತಾರ" ಎಂದು ಅಡುಗೆಮನೆ ಕಡೆ ನೋಡಿದರು. ನಾನು ಏನೂ ಕೇಳದೆ ಚಹಾಕ್ಕಿಟ್ಟೆ.

ಮರುದಿನ ಹೊರಡುವ ಮುಂಚೆ ಹೇಳಿ ಬರೋಣವೆಂದು ಮತ್ತೆ ಅವರ ಮನೆಗೆ ಹೋದೆವು. ಈ ಸಲ ನಾನು ಪಾಠ ಮಾಡಿಯೇ ಕರೆದುಕೊಂಡು ಹೋಗಿದ್ದೆ. ಕಾಕೂ ಬಾಯಿಂದ "ಘೇಣಾರ್ ಕಾ" ಪೂರ್ತಿ ಹೊರಬೀಳುವ ಮೊದಲೇ ಕಾಕಾ ಅವಸರದಲ್ಲಿ "ಹೋ, ಅರ್ಧಾ ಕಪ್!" ಅಂದರು.

ಕಾಕೂ ಸಂತೋಷದಿಂದ ತಂದಿಟ್ಟರು. ಕಪ್ಪಿನಲ್ಲಿ ಚಹಾ ಸರಿಯಾಗಿ ಅರ್ಧಕ್ಕೆ ಇತ್ತು.